‘ವೇರ್ ಆರ್ ಯು ಫ್ರಮ್’ ಆದ ಮೇಲೆ ಏನು ಕೇಳೋದು?

ರೂಮಿಗೆ ಬೇಕಾದಷ್ಟು ಇಂಗ್ಲಿಷ್ ನನಗೆ ಬರುತ್ತಿತ್ತು. ಬಾಡಿಗೆ ಎಷ್ಟು, ಬಿಸಿನೀರು ಎಷ್ಟು ಹೊತ್ತಿಗೆ, ಸ್ಕೂಟರ್ ಎಲ್ಲಿ ಸಿಗುತ್ತದೆ, ಕುಡ್ಲೆ ಬೀಚಿಗೆ ಯಾವ ದಾರಿ, ಇಷ್ಟು. ಗೋಕರ್ಣದಲ್ಲಿ ನಮ್ಮದು ಹಳೇ ಮನೆ. ಹಿತ್ತಿಲ ಕಡೆಯ ಎರಡು ರೂಮನ್ನು ಪ್ರವಾಸಿಗರಿಗೆ ಕೊಡುತ್ತೇವೆ. ನಾನು ಓದಿದ್ದು ಕನ್ನಡ ಮೀಡಿಯಂ, ಪಿಯುಸಿವರೆಗೆ. ವ್ಯವಹಾರದ ಮಾತು ನಿಧಾನಕ್ಕೆ ರೂಢಿಯಾಗಿಹೋಯಿತು.

ಕಷ್ಟ ಇದ್ದದ್ದು ವ್ಯವಹಾರ ಮುಗಿದ ಮೇಲೆ. ಸಂಜೆ ಅವರು ಜಗಲಿಗೆ ಬಂದು ಕೂರುತ್ತಾರೆ. ನಾನೂ ಅಲ್ಲೇ ಹೂ ಕಟ್ಟುತ್ತಾ ಕೂತಿರುತ್ತೇನೆ. ಅವರಿಗೂ ಮಾತಾಡುವ ಮನಸ್ಸಿರುತ್ತದೆ, ನನಗೂ ಇರುತ್ತದೆ. “ವೇರ್ ಆರ್ ಯು ಫ್ರಮ್?” “ಜರ್ಮನಿ.” “ಓ, ನೈಸ್. ಫಸ್ಟ್ ಟೈಮ್ ಇನ್ ಇಂಡಿಯಾ?” “ಯೆಸ್.” “ಯು ಲೈಕ್ ಗೋಕರ್ಣ?” “ವೆರಿ ಮಚ್.” ಅಲ್ಲಿಗೆ ಕಥೆ ಮುಗೀತು. ಇಬ್ಬರೂ ಸುಮ್ನೆ ನಗುತ್ತೇವೆ. ಅವರು ಫೋನ್ ತೆಗೆಯುತ್ತಾರೆ, ನಾನು ಹೂವಿಗೆ ಮರಳುತ್ತೇನೆ.

ಇದು ನನ್ನೊಬ್ಬಳ ಪಾಡಲ್ಲ ಅಂತ ಗೊತ್ತಾಗಿದ್ದು ನಮ್ಮ ಓಣಿಯ ಅಕ್ಕೋರಿಂದ. ಅವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಒಂದು ಪಟ್ಟಿ ಪ್ರಕಟಿಸಿದೆ. ಭಾಷೆ ಕಲಿಯುವವರು ಯಾವ ಮೆಟ್ಟಿಲಲ್ಲಿದ್ದಾರೆ ಅಂತ ಎ1ರಿಂದ ಸಿ2ವರೆಗೆ ಆರು ಮಟ್ಟ ಮಾಡಿ ಹೇಳುವ ಪಟ್ಟಿ. ಅದರಲ್ಲಿ ಎ2 ಮಟ್ಟದವರ ಬಗ್ಗೆ ಹೀಗಿದೆಯಂತೆ: ಚಿಕ್ಕಪುಟ್ಟ ಕುಶಲದ ಮಾತು ಆಡಬಲ್ಲರು, ಆದರೆ ಮಾತನ್ನು ತಾವೇ ಮುಂದಕ್ಕೆ ಒಯ್ಯುವಷ್ಟು ಅವರಿಗೆ ಅರ್ಥವಾಗುವುದಿಲ್ಲ. ಅದರ ಮೇಲಿನ ಬಿ1ಕ್ಕೆ ಬಂದವರು ಗೊತ್ತಿರುವ ವಿಷಯವಾದರೆ ತಯಾರಿ ಇಲ್ಲದೆಯೂ ಮಾತಿಗೆ ಇಳಿಯಬಲ್ಲರು. “ನೀನು ಈ ಎರಡರ ನಡುವೆ ನಿಂತಿದ್ದೀಯ ತಂಗಿ. ನಿಂಗೆ ಇನ್ನು ಹೊಸ ಶಬ್ದ ಬೇಡ, ಎರಡನೇ ಪ್ರಶ್ನೆ ಬೇಕು” ಅಂದರು.

ಎರಡನೇ ಪ್ರಶ್ನೆ ಕನ್ನಡದಲ್ಲಿ ನನಗೆ ಯಾವತ್ತೂ ತೊಂದರೆ ಕೊಟ್ಟಿಲ್ಲ. ನನ್ನ ತವರು ಶಿರಸಿ ಕಡೆ. ಕುಮಟೆಯಲ್ಲಿ ಬಸ್ ಹತ್ತಿ ಪಕ್ಕದ ಸೀಟಿನವರ ಹತ್ತಿರ “ಯಾವೂರಾಯ್ತು?” ಅಂದರೆ ಸಾಕು. ಅವರು ಊರು ಹೇಳುತ್ತಾರೆ. “ಅಲ್ಲಿ ಯಾರ ಮನೆ?” ಅದನ್ನೂ ಹೇಳುತ್ತಾರೆ. ಬಸ್ಸು ದೇವಿಮನೆ ಘಟ್ಟ ಹತ್ತಿ ಮುಗಿಸುವುದರೊಳಗೆ ಅವರ ಅತ್ತಿಗೆಯೂ ನನ್ನ ಚಿಕ್ಕಮ್ಮನೂ ಒಂದೇ ಕೇರಿಯವರು ಅಂತ ಸಿಕ್ಕಿರುತ್ತದೆ. ಆಮೇಲೆ ಮಾತು ತಾನಾಗಿ ಹೋಗುತ್ತದೆ. ಅಂದರೆ ನಾವು ಅಪರಿಚಿತರ ಹತ್ತಿರ ಹುಡುಕುವುದು ನಂಟನ್ನು. ನಂಟು ಸಿಕ್ಕಿತೋ, ವಿಷಯಕ್ಕೆ ಬರ ಇಲ್ಲ.

ಜರ್ಮನಿಯವರ ಹತ್ತಿರ “ಅಲ್ಲಿ ಯಾರ ಮನೆ” ಅಂತ ಕೇಳಿ ಏನು ಪ್ರಯೋಜನ? ನಂಟು ಇಲ್ಲವೇ ಇಲ್ಲ. ಅದಕ್ಕೇ ನಾನು ಊರಿಂದ ದೇಶಕ್ಕೆ, ದೇಶದಿಂದ ಗೋಕರ್ಣಕ್ಕೆ ಹಾರುತ್ತಿದ್ದೆ. ಪ್ರತಿ ಪ್ರಶ್ನೆಯೂ ಹೊಸ ವಿಷಯ. ಹಿಂದಿನ ಉತ್ತರವನ್ನು ಮುಟ್ಟುತ್ತಲೇ ಇರಲಿಲ್ಲ. ಹೀಗೆ ಮೂರು ಪ್ರಶ್ನೆ ಸಾಲಾಗಿ ಬಂದರೆ ಎದುರಿನವರಿಗೆ ಅದು ಪೊಲೀಸ್ ಠಾಣೆಯ ವಿಚಾರಣೆ. ಒಂದೊಂದೇ ಶಬ್ದದ ಉತ್ತರ ಕೊಡುತ್ತಾರೆ, ಪಾಪ, ಅವರ ತಪ್ಪಲ್ಲ.

ಈ ವಿಷಯದಲ್ಲಿ ಒಂದು ಸಂಶೋಧನೆಯನ್ನೂ ಅಕ್ಕೋರು ಹೇಳಿದರು. 2017ರಲ್ಲಿ ಹಾರ್ವರ್ಡ್‌ನವರು ಅಪರಿಚಿತರ ಮಾತುಕತೆಗಳನ್ನು ತೆಗೆದುಕೊಂಡು ಅದರಲ್ಲಿನ ಪ್ರಶ್ನೆಗಳನ್ನು ಬೇರೆ ಬೇರೆ ಜಾತಿ ಮಾಡಿದರು. ಪರಿಚಯದ ಪ್ರಶ್ನೆ, ಕೇಳಿದ್ದನ್ನೇ ತಿರುಗಿಸಿ “ನಿಮ್ಮದು?” ಅನ್ನುವ ಪ್ರಶ್ನೆ, ವಿಷಯ ಬದಲಿಸುವ ಪ್ರಶ್ನೆ, ಮತ್ತು ಈಗಷ್ಟೇ ಹೇಳಿದ್ದನ್ನು ಹಿಡಿದು ಮುಂದೆ ಕೇಳುವ ಪ್ರಶ್ನೆ. ಜಾಸ್ತಿ ಪ್ರಶ್ನೆ ಕೇಳುವವರು ಎದುರಿನವರಿಗೆ ಹೆಚ್ಚು ಇಷ್ಟವಾಗುತ್ತಾರೆ, ಅದಕ್ಕೆ ಮುಖ್ಯ ಕಾರಣ ಈ ಕೊನೆಯ ಜಾತಿಯ ಪ್ರಶ್ನೆಗಳು ಅಂತ ಅವರಿಗೆ ಕಂಡುಬಂತು. ಉಳಿದ ಜಾತಿಗಳಿಂದ ಅಷ್ಟು ಲಾಭ ಕಾಣಲಿಲ್ಲ.

ಅಭ್ಯಾಸ ಶುರುವಾಗಿದ್ದು ಅಕ್ಕೋರ ಅಡುಗೆಮನೆಯಲ್ಲಿ, ಮತ್ತು ಕನ್ನಡದಲ್ಲಿ. ಇದು ನನಗೆ ವಿಚಿತ್ರ ಅನಿಸಿತ್ತು. “ಮೊದಲು ತಲೆ ರೂಢಿಯಾಗಲಿ, ನಾಲಿಗೆ ಆಮೇಲೆ” ಅಂದರು. ಆಟ ಹೀಗೆ: ಅವರು ಒಂದು ವಾಕ್ಯ ಹೇಳುತ್ತಾರೆ, ನಾನು ಅದರ ಮೇಲೇ ಮೂರು ಪ್ರಶ್ನೆ ಕೇಳಬೇಕು. ವಿಷಯ ಜಿಗಿದರೆ ಸ್ಟೀಲ್ ಲೋಟಕ್ಕೆ ಚಮಚದಲ್ಲಿ ಟಣ್ ಅಂತ ಹೊಡೆಯುತ್ತಾರೆ.

ಅವರು ಕೊಟ್ಟ ಒಂದು ವಾಕ್ಯ ಇದು: “ನಿನ್ನೆ ತಂಗಿ ಜೊತೆ ಕುಮಟೆಗೆ ಹೋಗಿ ಕೊನೆಗೂ ಒಂದು ಕುಕ್ಕರ್ ತಗೊಂಡ್ವಿ.”

“ಎಷ್ಟು ಲೀಟರಿಂದು ಅಕ್ಕೋರೇ?” ಪರವಾಗಿಲ್ಲ. “ಯಾವ ಅಂಗಡೀಲಿ?” ಇದೂ ನಡೆಯುತ್ತದೆ. “ನಿಮ್ಮ ಮಗ ಊರಿಗೆ ಯಾವಾಗ ಬರ್ತಾನೆ?” ಟಣ್.

“ಆ ವಾಕ್ಯದಲ್ಲಿ ಅಗತ್ಯ ಇಲ್ಲದಿದ್ದರೂ ನಾನು ಹಾಕಿದ ಮಾತು ಯಾವುದು ಹೇಳು.”

ಸ್ವಲ್ಪ ಯೋಚಿಸಿದ ಮೇಲೆ ಹೊಳೆಯಿತು: “ಕೊನೆಗೂ”.

“ಹಾಂ. ಅದನ್ನು ಕೇಳು.”

“ಕೊನೆಗೂ ಅಂದ್ರಲ್ಲ, ಯಾಕೆ ಅಷ್ಟು ತಡ ಆಯ್ತು?” ಅಂದಿದ್ದೇ ತಡ, ಹಳೇ ಕುಕ್ಕರಿನ ಗ್ಯಾಸ್ಕೆಟ್ಟು, ರಿಪೇರಿಗೆ ಕೊಟ್ಟಿದ್ದು, ಭಾವ “ಇನ್ನೂ ಚೆನ್ನಾಗಿದೆಯಲ್ಲ” ಅಂತ ಹಟ ಹಿಡಿದಿದ್ದು, ಎಲ್ಲ ಬಂತು. ಚಮಚ ಕೆಳಗಿಟ್ಟು ಹೇಳುತ್ತಲೇ ಹೋದರು.

ನಾನು ಕಲಿತದ್ದರಲ್ಲಿ ಇದೇ ದೊಡ್ಡದು. ಜನ ಉತ್ತರ ಕೊಡುವಾಗ ನಾವು ಕೇಳದೇ ಇದ್ದ ಒಂದು ತುಣುಕನ್ನು ಸೇರಿಸಿರುತ್ತಾರೆ. “ಕೊನೆಗೂ”, “ಈ ಸಲ”, “ಒಬ್ಬಳೇ”, “ಮೊದಲು ಮಾಡ್ತಿದ್ದೆ”. ಹೇಳಬೇಕು ಅಂತ ಅವರಿಗೆ ಒಳಗೆ ಇರುವುದು ಅದೇ. ಎರಡನೇ ಪ್ರಶ್ನೆಯನ್ನು ಅಲ್ಲಿ ಹಾಕಬೇಕು. ಇದಕ್ಕೆ ದೊಡ್ಡ ಇಂಗ್ಲಿಷ್ ಬೇಕಾಗುವುದಿಲ್ಲ. ಎಷ್ಟೋ ಸಲ ಅವರ ಶಬ್ದವನ್ನೇ ದನಿ ಏರಿಸಿ ಹಿಂದಕ್ಕೆ ಕೊಟ್ಟರೂ ಪ್ರಶ್ನೆ ಆಗುತ್ತದೆ. “ಅಲೋನ್?” ಅಷ್ಟೇ.

ಇಂಗ್ಲಿಷಿನಲ್ಲಿ ಇದು ಕೈಗೂಡಿದ್ದು ಐರ್ಲೆಂಡಿನಿಂದ ಬಂದ ಒಬ್ಬ ಹಿರಿಯ ಹೆಂಗಸಿನ ಜೊತೆ. ಬೆಳಿಗ್ಗೆ ಕುಡ್ಲೆಯಿಂದ ಒದ್ದೆ ಕೂದಲಲ್ಲೇ ನಡೆದು ಬಂದಿದ್ದರು. ನಾನು ಮುರುಗಲ ಹಣ್ಣಿನ ಪಾನಕ ಕೊಟ್ಟೆ. ದೇಶದ ಹೆಸರು ಕೇಳುವ ಬದಲು ಕಣ್ಣಿಗೆ ಕಂಡದ್ದನ್ನೇ ಕೇಳಿದೆ: “ಯು ವೆಂಟ್ ಸ್ವಿಮ್ಮಿಂಗ್?”

ಹೌದು, ನೀರು ಎಷ್ಟು ಬೆಚ್ಚಗಿದೆ, ನಮ್ಮಲ್ಲಿ ಹೀಗಿಲ್ಲ ಅಂದರು. ಕೇಳದೇ ಕೊಟ್ಟ ತುಣುಕು ಸಿಕ್ಕೇಬಿಟ್ಟಿತು: ನಮ್ಮಲ್ಲಿ ಹೀಗಿಲ್ಲ. “ವಾಟ್ಸ್ ದ ಸೀ ಲೈಕ್ ದೇರ್?” ಅಂದೆ. ಈ ‘ವಾಟ್ಸ್ ಇಟ್ ಲೈಕ್’ ಅನ್ನುವ ಸಾಲನ್ನು ಅಕ್ಕೋರು ಬಾಯಿಪಾಠ ಮಾಡಿಸಿದ್ದರು. ಹೇಗಿರುತ್ತದೆ ಅಂತ ಬಣ್ಣಿಸಿ ಹೇಳಲಿ ಅನ್ನಿಸಿದರೆ ಇದು ಕೆಲಸಕ್ಕೆ ಬರುತ್ತದೆ. ಬರೀ “ಹೌ ಈಸ್ ಇಟ್?” ಅಂದರೆ “ಗುಡ್” ಅಂದು ಮುಗಿಸಿಬಿಡುವವರೇ ಜಾಸ್ತಿ.

ಚಳಿ, ಹತ್ತು ನಿಮಿಷದ ಮೇಲೆ ನೀರಲ್ಲಿ ಇರಲಾಗದು ಅಂದರು. ಊರು ಗಾಲ್ವೇ ಅಂತ ಅವರಾಗಿಯೇ ಹೇಳಿದರು. ಪಶ್ಚಿಮ ಕರಾವಳಿಯಂತೆ. ಆಗ ನಾನು ಪ್ರಶ್ನೆ ನಿಲ್ಲಿಸಿ ನನ್ನದೊಂದು ಮಾತು ಹಾಕಿದೆ: ನಾವೂ ಪಶ್ಚಿಮ ಕರಾವಳಿಯವರೇ, ನಿಮ್ಮ ಹಾಗೆ ನಮಗೂ ಸೂರ್ಯ ಸಮುದ್ರದಲ್ಲೇ ಮುಳುಗುತ್ತಾನೆ. ಅವರಿಗೆ ಖುಷಿಯಾಯಿತು. ಎರಡು ಪ್ರಶ್ನೆಗೆ ಒಂದು ನಮ್ಮ ಮಾತು, ಇದು ಅಕ್ಕೋರ ಲೆಕ್ಕ. ನಾವು ಏನೂ ಹೇಳದೆ ಬರೀ ಕೇಳುತ್ತಾ ಹೋದರೆ ಎಷ್ಟು ಒಳ್ಳೆ ಪ್ರಶ್ನೆಯಾದರೂ ಕೊನೆಗೆ ಅವರಿಗೆ ಸಂಕೋಚವಾಗುತ್ತದೆ.

ಅವರು ಮುಂದುವರಿಸಿದರು. ಅವರ ಊರಿನ ಹತ್ತಿರ ಸಾಲ್ಟ್‌ಹಿಲ್ ಅಂತ ಜಾಗ ಇದೆ. ಅಲ್ಲಿ ಸಮುದ್ರಕ್ಕೆ ಜಿಗಿಯಲು ಒಂದು ಕಟ್ಟೆ ಗೋಪುರ ಇದೆ. ವರ್ಷವಿಡೀ ಜನ ಅಲ್ಲಿ ಈಜುತ್ತಾರೆ, ಚಳಿಗಾಲದಲ್ಲೂ. “ಈವನ್ ಇನ್ ವಿಂಟರ್?” ಅಂದೆ. ಈವನ್ ಇನ್ ವಿಂಟರ್! “ಯು ಜಂಪ್ ಫ್ರಮ್ ದ ಟವರ್?” “ಐ ಯೂಸ್ಡ್ ಟು” ಅಂದರು ನಗುತ್ತಾ.

ಮೊದಲಿನ ನಾನಾಗಿದ್ದರೆ ಇಲ್ಲಿ “ಓ, ನೈಸ್” ಅಂದು ಗೋಕರ್ಣದ ದೇವಸ್ಥಾನಕ್ಕೆ ಜಿಗಿಯುತ್ತಿದ್ದೆ. ಈಗ ಕಿವಿ ನೆಟ್ಟಗಾಯಿತು. ಮೊದಲು ಜಿಗಿಯುತ್ತಿದ್ದರು, ಈಗ ಇಲ್ಲ. “ವೈ ಡಿಡ್ ಯು ಸ್ಟಾಪ್?” ಅಂತ ಕೇಳಿದೆ. ಮೊಣಕಾಲಿನ ಆಪರೇಷನ್ ಆದದ್ದು, ಡಾಕ್ಟರು ಬೇಡ ಅಂದದ್ದು, ಆದರೂ ಒಂದು ಸಲ ಮಗಳಿಗೆ ಹೇಳದೆ ಕೆಳಗಿನ ಮೆಟ್ಟಿಲಿಂದ ಜಿಗಿದದ್ದು, ಅದು ಮಗಳಿಗೆ ಗೊತ್ತಾಗಿ ಬೈಸಿಕೊಂಡದ್ದು! ಎಪ್ಪತ್ತರ ಹತ್ತಿರದ ಹೆಂಗಸು ಶಾಲೆ ಹುಡುಗಿ ಥರ ಹೇಳಿದರು.

ಆ ನಡುವೆ ಒಂದು ಕಡೆ ಗಾಡಿ ನಿಂತಿತು. ಈಜಿ ಮೇಲೆ ಬಂದ ತಕ್ಷಣ ಏನನ್ನೋ ಹಾಕಿಕೊಂಡು ಚಹಾ ಕುಡಿಯುತ್ತೇವೆ ಅಂದರು. ಆ ಏನೋ ಯಾವುದು ಅಂತ ಗೊತ್ತಾಗಲಿಲ್ಲ. ಇಂಥ ಕಡೆ ಬರೀ “ವಾಟ್?” ಅಂದರೆ ಅವರು ಇಡೀ ವಾಕ್ಯವನ್ನು ಮತ್ತೆ, ಇನ್ನೂ ಜೋರಾಗಿ ಹೇಳುತ್ತಾರೆ. ತಲೆ ಆಡಿಸಿಬಿಟ್ಟರೆ ಮುಂದಿನ ಪ್ರಶ್ನೆಗೆ ಬುಡವೇ ಇರುವುದಿಲ್ಲ. ಅರ್ಥವಾದಷ್ಟನ್ನು ಹೇಳಿ, ಆಗದ ಕಡೆ ನಿಲ್ಲಿಸಬೇಕು: “ಸಾರಿ, ಯು ಪುಟ್ ಆನ್ ದ…?” ಅವರು ಆ ಒಂದು ಶಬ್ದವನ್ನು ಮಾತ್ರ ಹೇಳಿದರು: “ಡ್ರೈರೋಬ್.” ನನ್ನ ಮುಖ ನೋಡಿ ವಿವರಿಸಿದರು: ಒಳಗೆ ಟವೆಲಿನಂಥ ಬಟ್ಟೆ ಇರುವ ಉದ್ದ ಕೋಟು, ಅದರೊಳಗೇ ಬಟ್ಟೆ ಬದಲಿಸಬಹುದು. ಹೀಗೆ ತಿಳಿಯದ ಶಬ್ದವೂ ಒಂದು ಪ್ರಶ್ನೆಯ ಕೆಲಸ ಮಾಡಿತು.

ಆಮೇಲೆ ಅವರೇ ಕೇಳಿದರು, ನೀನು ಈಜುತ್ತೀಯಾ ಅಂತ. ಎದುರಿನವರು ತಿರುಗಿ ನಮ್ಮನ್ನು ಕೇಳಿದರೆ ಮಾತು ಹತ್ತಿಕೊಂಡಿದೆ ಅಂತ ಅರ್ಥ. ಉತ್ತರ ಗಿಡ್ಡವಾಗುತ್ತಾ ಬಂದರೆ, ಕಾಲು ರೂಮಿನ ಕಡೆ ತಿರುಗಿದರೆ, ಬಿಡುವುದೇ ಒಳ್ಳೆಯದು. ನಾನು ಈಜುವುದಿಲ್ಲ ಅಂದೆ. ಮಳೆಗಾಲದಲ್ಲಂತೂ ಇಲ್ಲಿ ಯಾರೂ ಸಮುದ್ರಕ್ಕೆ ಇಳಿಯುವುದಿಲ್ಲ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧ ಇದೆ ಅಂದೆ. ಹಾಗಾದರೆ ಆಗ ಮೀನಿಗೆ ಏನು ಮಾಡುತ್ತಾರೆ? ಬೇಸಿಗೆಯಲ್ಲೇ ಒಣಗಿಸಿ ಇಟ್ಟುಕೊಳ್ಳುತ್ತಾರೆ. ನಾವು ಮೀನು ತಿನ್ನುವವರಲ್ಲ, ಆದರೂ ಒಣಮೀನಿನ ಬಗ್ಗೆ ಅವತ್ತು ಇಂಗ್ಲಿಷಿನಲ್ಲಿ ಅಷ್ಟೊತ್ತು ಮಾತಾಡಿದೆ. ಅತ್ತೆ ಒಳಗಿಂದ ಎರಡು ಸಲ ಇಣುಕಿ ಹೋದರು.

ಪ್ರಶ್ನೆ ಎಷ್ಟು ಅಗಲ ಇರಬೇಕು ಅನ್ನುವುದರಲ್ಲಿ ಮಾತ್ರ ನನ್ನ ಅಭಿಪ್ರಾಯ ಪುಸ್ತಕಗಳ ಜೊತೆ ಸೇರುವುದಿಲ್ಲ. ಹೌದು-ಅಲ್ಲ ಅನ್ನುವ ಪ್ರಶ್ನೆ ಕೇಳಬೇಡಿ, ಬಿಡಿಸಿ ಹೇಳುವಂಥದ್ದು ಕೇಳಿ ಅಂತ ಅವು ಹೇಳುತ್ತವೆ. ನಮ್ಮ ಮಟ್ಟದವರಿಗೆ ಅದು ಯಾವಾಗಲೂ ಒಳ್ಳೆಯದಲ್ಲ. “ಟೆಲ್ ಮಿ ಅಬೌಟ್ ಯುವರ್ ಜಾಬ್” ಅಂದರೆ ಹತ್ತು ವಾಕ್ಯ ಒಟ್ಟಿಗೆ ಬರುತ್ತದೆ, ಮೂರನೆಯದರಲ್ಲೇ ನಾವು ಮುಳುಗುತ್ತೇವೆ. ಇನ್ನು ಕೆಲವರಿಗೆ ಅಗಲ ಪ್ರಶ್ನೆ ಕೇಳಿದರೆ ಏನು ಹೇಳಬೇಕೋ ತೋಚುವುದಿಲ್ಲ. ಯಾಣಕ್ಕೆ ಹೋಗಿ ಸುಸ್ತಾಗಿ ಬಂದವರನ್ನು “ಹೌ ವಾಸ್ ಯಾಣ?” ಅಂದರೆ “ಅಮೇಜಿಂಗ್” ಅಂದು ಸ್ನಾನಕ್ಕೆ ಹೋಗುತ್ತಾರೆ. ಅದರ ಬದಲು “ಡಿಡ್ ಯು ಗೋ ಇನ್‌ಸೈಡ್ ದ ರಾಕ್?” ಅನ್ನಿ. ಇದು ಹೌದು-ಅಲ್ಲದ ಪ್ರಶ್ನೆಯೇ. ಆದರೆ ಆ ಕಪ್ಪು ಬಂಡೆಯ ಸೀಳಿನೊಳಗೆ ನಡೆದದ್ದು ಅವರ ಕಣ್ಣಮುಂದೆ ಬರುತ್ತದೆ, ಬಾವಲಿ ಕಂಡದ್ದೋ ಚಪ್ಪಲಿ ಬಿಟ್ಟು ನಡೆದು ಕಾಲು ಸುಟ್ಟದ್ದೋ ಹೇಳುತ್ತಾರೆ. ಜಾಗ ನನಗೆ ಗೊತ್ತಿರುವುದರಿಂದ ಉತ್ತರವೂ ಅರ್ಥವಾಗುತ್ತದೆ. ಅಗಲ ಪ್ರಶ್ನೆಯನ್ನು ಆಮೇಲೆ ಇಟ್ಟುಕೊಂಡರಾಯಿತು.

ವ್ಯಾಕರಣದಲ್ಲಿ ಅಕ್ಕೋರು ಜಾಸ್ತಿ ತಿದ್ದಲಿಲ್ಲ. “ಯು ಆರ್ ಗೋಯಿಂಗ್ ವೇರ್?” ಅಂತ ನಮ್ಮ ಕ್ರಮದಲ್ಲಿ ಕೇಳಿದರೂ ಯಾರಿಗೂ ಗೊಂದಲ ಆಗುವುದಿಲ್ಲ. ಕಾಲದ ವಿಷಯದಲ್ಲಿ ಮಾತ್ರ ಬಿಡುತ್ತಿರಲಿಲ್ಲ, ಅಲ್ಲಿ ತಪ್ಪಿದರೆ ಉತ್ತರವೇ ಬೇರೆ ಬರುತ್ತದೆ. “ಹೌ ಲಾಂಗ್ ಆರ್ ಯು ಹಿಯರ್?” ಅಂದರೆ ಇನ್ನೂ ಎಷ್ಟು ದಿನ ಇರುತ್ತೀರಿ ಅಂತ ತಿಳಿದುಕೊಳ್ಳುತ್ತಾರೆ. ಬಂದು ಎಷ್ಟು ದಿನವಾಯಿತು ಅಂತ ಕೇಳಲು “ಹೌ ಲಾಂಗ್ ಹ್ಯಾವ್ ಯು ಬೀನ್ ಹಿಯರ್?” ಅನ್ನಬೇಕು. ಇನ್ನೊಂದು, “ಹ್ಯಾವ್ ಯು ಬೀನ್ ಟು ಮುರ್ಡೇಶ್ವರ?” ಅಂತ ಬಾಗಿಲು ತೆರೆದು, ಹೌದು ಅಂದ ಕೂಡಲೇ “ವೆನ್ ಡಿಡ್ ಯು ಗೋ?” ಅಂತ ಬದಲಾಯಿಸಿಕೊಳ್ಳುವುದು. ಈ ಬದಲಾವಣೆ ನಾಲಿಗೆಗೆ ಕೂರಲು ನನಗೆ ಒಂದು ಸೀಸನ್ ಪೂರ್ತಿ ಬೇಕಾಯಿತು.

ಹಾಗೆಯೇ ನಮ್ಮಲ್ಲಿ ಸಲೀಸಾಗಿ ಕೇಳುವ ಕೆಲವನ್ನು ಅಲ್ಲಿ ಮೊದಲ ಭೇಟಿಯಲ್ಲಿ ಕೇಳಬಾರದು. ಸಂಬಳ, ವಯಸ್ಸು, ಮದುವೆ, ಮಕ್ಕಳು ಯಾಕಿಲ್ಲ. ಅವರಾಗಿ ಹೇಳಿದರೆ ಹಿಡಿದುಕೊಳ್ಳಬಹುದು, ಅಷ್ಟೇ.

ಇದೆಲ್ಲ ವಿದೇಶಿಯರಿಗೆ ಮಾತ್ರ ಅಂದುಕೊಂಡಿದ್ದೆ. ಕಾರವಾರಕ್ಕೆ ರೈಲಿನಲ್ಲಿ ಹೋಗುವಾಗ ಎದುರಿಗೆ ಅಸ್ಸಾಮಿನ ಒಬ್ಬ ಹುಡುಗಿ ಕೂತಿದ್ದಳು. ಗಂಡ ಕಾರವಾರದ ನೌಕಾನೆಲೆಯಲ್ಲಿದ್ದಾನೆ. ಕನ್ನಡ ಇಲ್ಲ, ನನ್ನ ಹಿಂದಿ ದೇವರಿಗೇ ಪ್ರೀತಿ. ಹಾಗಾಗಿ ಇಬ್ಬರಿಗೂ ಅರೆಬರೆ ಇಂಗ್ಲಿಷೇ ಗತಿ. ಇದು ನನ್ನ ಮೊದಲ ಮಳೆಗಾಲ, ಯಾರೂ ಮೊದಲೇ ಹೇಳಿರಲಿಲ್ಲ ಅಂದಳು. “ಯಾರೂ ಹೇಳಿರಲಿಲ್ಲ” ಅನ್ನುವುದನ್ನು ಹಿಡಿದುಕೊಂಡೆ: “ನೋಬಡಿ ಟೋಲ್ಡ್ ಯು ವಾಟ್?” ಮದುವೆಯ ರೇಷ್ಮೆ ಸೀರೆಗೆ ಬೂಷ್ಟು ಹಿಡಿದಿದ್ದನ್ನು ಹೇಳತೊಡಗಿದಳು. ಅಷ್ಟರಲ್ಲಿ ಸುರಂಗ ಬಂತು. ಕಾರವಾರದ ಸುರಂಗ ಸುಮಾರು ಮೂರು ಕಿಲೋಮೀಟರ್ ಉದ್ದ ಇದೆ, ಒಳಗೆ ಸದ್ದಿಗೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಹೊರಗೆ ಬಂದ ಮೇಲೆ ಇಬ್ಬರೂ ಕಿಟಕಿ ನೋಡುತ್ತಾ ಕೂತೆವು. ಇಂಥ ಕಡೆಗೆ ಒಂದು ಸಾಲು ಇಟ್ಟುಕೊಂಡಿರಬೇಕು: “ಯು ವರ್ ಸೇಯಿಂಗ್… ಯುವರ್ ಸಾರಿ?” ನಿಂತದ್ದು ಯಾವ ಶಬ್ದದಲ್ಲಿ ಅನ್ನುವುದು ನೆನಪಿದ್ದರೆ ಸಾಕು, ಮಾತು ಅಲ್ಲಿಂದಲೇ ಎದ್ದು ಹೊರಡುತ್ತದೆ.

ಸೀರೆಯನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿಡು, ಬಿಸಿಲು ಕಂಡ ದಿನ ನೆರಳಲ್ಲಿ ಗಾಳಿಗೆ ಹಾಕು ಅಂತ ಹೇಳಿದೆ. ಸ್ಟೇಷನ್ ಹತ್ತಿರ ಬಂದಾಗ ಅವಳು “ಎನಿವೇ…” ಅಂದು ಚೀಲ ಎಳೆದುಕೊಂಡಳು. “ಎನಿವೇ”, “ರೈಟ್”, “ಸೋ, ಯಾ” ಇವೆಲ್ಲ ಸಾಕು ಅನ್ನುವುದರ ಗುರುತು. ಆಗ ಇನ್ನೊಂದು ಪ್ರಶ್ನೆ ಹಾಕಬಾರದು. “ನೈಸ್ ಟಾಕಿಂಗ್ ಟು ಯು” ಅಂದು, ಅವರೇ ಹೇಳಿದ ಯಾವುದಾದರೂ ಒಂದನ್ನು ಸೇರಿಸಿದರೆ ಚೆಂದ. “ಗುಡ್ ಲಕ್ ವಿತ್ ದ ಸಾರಿ” ಅಂದೆ. ನಕ್ಕು ಇಳಿದುಹೋದಳು.

ಇನ್ನೂ ಕೈಗೆ ಬಾರದ್ದು ಗುಂಪು. ನಾಲ್ಕೈದು ಹುಡುಗರು ಸೇರಿ ಬಂದು ರೂಮು ಹಿಡಿದರೆ ಅವರವರಲ್ಲೇ ಪಟಪಟ ಅಂತ ಮಾತು. ಒಂದು ತುಣುಕನ್ನು ಹಿಡಿದು, ಪ್ರಶ್ನೆ ಜೋಡಿಸಿ, ಬಾಯಿ ತೆರೆಯುವುದರೊಳಗೆ ಅವರು ಮೂರು ವಿಷಯ ದಾಟಿರುತ್ತಾರೆ. ಅಲ್ಲಿ ನಾನು ಸುಮ್ನೆ ಕೂತು ಕೇಳುತ್ತೇನೆ. ಮರುದಿನ ಅವರಲ್ಲಿ ಒಬ್ಬ ಚಹಾಕ್ಕೆ ಒಬ್ಬನೇ ಬಂದಾಗ ನಿನ್ನೆ ಕೇಳಿಸಿಕೊಂಡ ತುಣುಕನ್ನು ತೆಗೆಯುತ್ತೇನೆ.